ಬಾಕಿ ಎಷ್ಟು, ತೂಕ ಎಷ್ಟು

ಹೂಡೆ, ಕೆಮ್ಮಣ್ಣು, ಕೋಡಿ ಬೆಂಗ್ರೆಯ ಮನೆಗಳಿಂದ ಗಲ್ಫಿಗೆ ಹೋಗಿ ನೆಲೆಸಿದವರು ಬಹಳ ಮಂದಿ. ಅಲ್ಲಿ ಅವರ ಮಕ್ಕಳು ಓದುವುದು ಹೆಚ್ಚಾಗಿ ಸಿಬಿಎಸ್‌ಇ ಶಾಲೆಗಳಲ್ಲಿ. 2022ರ ಜುಲೈ 22ರಂದು ಸಿಬಿಎಸ್‌ಇ 10 ಮತ್ತು 12ನೇ ತರಗತಿಯ ಫಲಿತಾಂಶ ಒಂದೇ ದಿನ ಬಂದಾಗ, ಊರಲ್ಲಿದ್ದ ಅಜ್ಜ ಅಜ್ಜಿಯರಿಗೂ ಫೋನಿನಲ್ಲಿ ಒಂದು ಹೊಸ ಲೆಕ್ಕ ಕೇಳಿಬಂತು: ಮೊದಲ ಟರ್ಮಿನ ಥಿಯರಿಗೆ ಶೇಕಡಾ 30, ಎರಡನೆಯದಕ್ಕೆ ಶೇಕಡಾ 70. ಆ ವರ್ಷ ಬೋರ್ಡ್ ಪರೀಕ್ಷೆಯನ್ನು ಎರಡು ಭಾಗ ಮಾಡಿದ್ದರು. 2021ರ ನವೆಂಬರ್–ಡಿಸೆಂಬರಿನಲ್ಲಿ ಒಎಂಆರ್ ಹಾಳೆಯ ಮೇಲೆ ಗುರುತು ಹಾಕುವ ಬಹು ಆಯ್ಕೆಯ ಪರೀಕ್ಷೆ, 2022ರ ಏಪ್ರಿಲ್ 26ರಿಂದ ಬರೆಯುವ ಪರೀಕ್ಷೆ. 2021ರ ಜುಲೈ ತಿಂಗಳ ಸುತ್ತೋಲೆಯಲ್ಲಿ, ಎರಡೂ ಪರೀಕ್ಷೆಗಳು ಶಾಲೆಯಲ್ಲೇ ನಡೆದರೆ ಥಿಯರಿ ಅಂಕ ಸಮಪಾಲು ಎಂದಿತ್ತು. ಕೊನೆಗೆ ಪಾಲು ಸಮವಾಗಲಿಲ್ಲ. ಪ್ರಾಕ್ಟಿಕಲ್ಲಿಗೆ ಮಾತ್ರ ಎರಡೂ ಟರ್ಮಿನ ತೂಕ ಒಂದೇ ಆಗಿ ಉಳಿಯಿತು.

ಈ 30–70 ಒಂದು ಮಗುವಿನ ಅಂಕಪಟ್ಟಿಯಲ್ಲಿ ಏನು ಮಾಡಿತು ಎಂಬುದನ್ನು ಹತ್ತನೇ ತರಗತಿಯ ಗಣಿತದಲ್ಲೇ ನೋಡಬಹುದು. ಥಿಯರಿಗೆ ಒಟ್ಟು 80, ಪ್ರತಿ ಟರ್ಮಿಗೆ 40. ಪಾಲು ಸಮವಾಗಿದ್ದರೆ ಎರಡನ್ನೂ ಕೂಡಿಸಿದರಾಯಿತು. 30–70 ಆದಾಗ ಮೊದಲ ಟರ್ಮಿನ 40 ಅಂಕ 80ರಲ್ಲಿ 24ಕ್ಕೆ ಇಳಿಯುತ್ತದೆ, ಎರಡನೇ ಟರ್ಮಿನ 40 ಅಂಕ 56ಕ್ಕೆ ಏರುತ್ತದೆ. ಅಂದರೆ ಮೊದಲಿನದ್ದನ್ನು 0.6ರಿಂದ, ಎರಡನೆಯದನ್ನು 1.4ರಿಂದ ಗುಣಿಸಬೇಕು. ಮೊದಲು 28, ಆಮೇಲೆ 34 ತೆಗೆದವನಿಗೆ 16.8 ಮತ್ತು 47.6, ಒಟ್ಟು 64.4. ಬರೇ ಕೂಡಿಸಿದ್ದರೆ 62. ಮೊದಲು 38, ಆಮೇಲೆ 26 ತೆಗೆದವಳಿಗೆ 22.8 ಮತ್ತು 36.4, ಒಟ್ಟು 59.2. ಬರೇ ಕೂಡಿಸಿದ್ದರೆ 64. ಈ ವ್ಯತ್ಯಾಸವನ್ನು ಒಂದೇ ಸಾಲಿನಲ್ಲಿ ಹಿಡಿಯಬಹುದು: ಎರಡನೇ ಟರ್ಮಿನ ಅಂಕದಿಂದ ಮೊದಲ ಟರ್ಮಿನ ಅಂಕ ಕಳೆಯಿರಿ, ಬಂದದ್ದನ್ನು 0.4ರಿಂದ ಗುಣಿಸಿ. ಅವನು 6 ಏರಿದ, 2.4 ಸಿಕ್ಕಿತು. ಅವಳು 12 ಇಳಿದಳು, 4.8 ಹೋಯಿತು. ಎರಡೂ ಸಲ ಒಂದೇ ಅಂಕ ತೆಗೆದವರಿಗೆ ಏನೂ ಬದಲಾಗಲಿಲ್ಲ.

ಇದು ಪರೀಕ್ಷೆ ಮುಗಿದ ಮೇಲಿನ ಲೆಕ್ಕ. ನನಗೆ ಹೆಚ್ಚು ಇಷ್ಟವಾದದ್ದು ಮಧ್ಯದಲ್ಲಿ ನಿಂತು ಮಾಡುವ ಲೆಕ್ಕ: ಇಷ್ಟು ಆಗಿದೆ, ಇಷ್ಟು ಬಾಕಿ ಇದೆ, ಮುಂದಿನ ಪರೀಕ್ಷೆಗಳ ತೂಕ ಏರುತ್ತಾ ಹೋಗುತ್ತದೆ, ಹಾಗಾದರೆ ಇನ್ನು ಎಷ್ಟು ಬೇಕು? ಇದನ್ನು ಅಚ್ಚುಕಟ್ಟಾಗಿ ಮಾಡುವವರೊಬ್ಬರನ್ನು ನಾನು ಹೂಡೆಯಲ್ಲೇ ಕಂಡೆ. ಸಂಜೆ ಹೊತ್ತು ಮನೆಯ ಜಗಲಿಯಲ್ಲಿ ಗಣಿತದ ಟ್ಯೂಷನ್ ಹೇಳುವ ಟೀಚರ್ ಅವರು. ಅವರಲ್ಲಿ ವರ್ಷಕ್ಕೆ ನಾಲ್ಕು ಪರೀಕ್ಷೆ. ತೂಕ 1, 2, 3, 4. ಅಂದರೆ ಮೊದಲನೆಯದಕ್ಕೆ ಶೇಕಡಾ 10, ಕೊನೆಯದಕ್ಕೆ ಶೇಕಡಾ 40. ಜೂನಿನಲ್ಲಿ ಪಾಠ ಸರಿಯಾಗಿ ತಲೆಗೆ ಹತ್ತದ ಮಗು ಫೆಬ್ರವರಿಯಲ್ಲಿ ಚೆನ್ನಾಗಿ ಬರೆದರೆ ಅದಕ್ಕೆ ಬೆಲೆ ಸಿಗಬೇಕು ಎಂಬುದು ಅವರ ನಿಲುವು.

ಶಾಲೆಯಲ್ಲಿ ಕಲಿಸುವ ದಾರಿ ನಮಗೆಲ್ಲ ಗೊತ್ತಿರುವುದೇ. ಗುರಿ 75 ಎಂದಿಟ್ಟುಕೊಳ್ಳಿ. ಒಟ್ಟು ತೂಕ 10, ಹಾಗಾಗಿ ಬೇಕಾದದ್ದು 750. ಹುಡುಗಿ ಮೊದಲ ಪರೀಕ್ಷೆಯಲ್ಲಿ 62, ಎರಡನೆಯದರಲ್ಲಿ 70 ತೆಗೆದಿದ್ದಾಳೆ. 62ಕ್ಕೆ 1ರ ತೂಕ, 70ಕ್ಕೆ 2ರ ತೂಕ, ಒಟ್ಟು 202. 750ರಲ್ಲಿ 202 ಕಳೆದರೆ 548. ಮುಂದಿನ ಎರಡು ಪರೀಕ್ಷೆಗಳ ತೂಕ 3 ಮತ್ತು 4, ಕೂಡಿಸಿದರೆ 7. 548ನ್ನು 7ರಿಂದ ಭಾಗಿಸಿದರೆ 78.29. ಎರಡರಲ್ಲೂ ಅಷ್ಟಷ್ಟು ಬಂದರೆ ಗುರಿ ಮುಟ್ಟುತ್ತದೆ. ಲೆಕ್ಕ ಸರಿ. ಆದರೆ 750, 202, 548 ಎಂಬ ಸಂಖ್ಯೆಗಳನ್ನು ನೋಡಿ ಆ ಹುಡುಗಿಗೆ ತನ್ನ ಪರಿಸ್ಥಿತಿ ಏನು ಎಂದು ತಿಳಿಯುವುದಿಲ್ಲ.

ಟೀಚರ್ ಇದನ್ನು ಬೇರೆ ರೀತಿ ಬರೆಯುತ್ತಾರೆ, ಅಂಗಡಿಯವರು ಬಾಕಿ ಪುಸ್ತಕ ಬರೆದ ಹಾಗೆ. ಗುರಿಗಿಂತ ಎಷ್ಟು ಕಡಿಮೆಯಾಯಿತೋ ಅದನ್ನು ಆ ಪರೀಕ್ಷೆಯ ತೂಕದಿಂದ ಗುಣಿಸಿ ಬಾಕಿಗೆ ಸೇರಿಸುತ್ತಾರೆ. ಜಾಸ್ತಿ ಬಂದರೆ ಬಾಕಿಯಿಂದ ಕಳೆಯುತ್ತಾರೆ. 62 ಎಂದರೆ 75ಕ್ಕೆ 13 ಕಡಿಮೆ, ತೂಕ 1, ಬಾಕಿ 13. 70 ಎಂದರೆ 5 ಕಡಿಮೆ, ತೂಕ 2, ಬಾಕಿ 10. ಒಟ್ಟು 23. ಮುಂದಿರುವ ತೂಕ 7. 23ನ್ನು 7ರಿಂದ ಭಾಗಿಸಿದರೆ ಮೂರೂ ಕಾಲಿಗಿಂತ ಸ್ವಲ್ಪ ಹೆಚ್ಚು, 3.29. ಗುರಿಯ ಮೇಲೆ ಅಷ್ಟು ಹಾಕಿದರೆ 78.29. ಉತ್ತರ ಅದೇ, ಆದರೆ ಇಲ್ಲಿ ಗುಣಾಕಾರ ಭಾಗಾಕಾರವೆಲ್ಲ ಬಾಯಿಲೆಕ್ಕದಲ್ಲಿ ಮುಗಿಯುತ್ತದೆ. ಹುಡುಗಿ ಕೇಳಿಸಿಕೊಳ್ಳುವ ಮಾತೂ ಬೇರೆ: ಇನ್ನುಳಿದ ಎರಡರಲ್ಲೂ ಗುರಿಗಿಂತ ಮೂರು ಚಿಲ್ಲರೆ ಅಂಕ ಮೇಲೆ ಬರಬೇಕು, ಅಷ್ಟೇ.

ನಾನು ಕೂತಿದ್ದ ದಿನ ಆ ಹುಡುಗಿ ಬೇರೆ ಉತ್ತರ ಬರೆದುಕೊಂಡು ಬಂದಿದ್ದಳು.

"ಟೀಚರ್, ನನಗೆ ಇನ್ನು ಎರಡರಲ್ಲೂ 84 ಬೇಕು. ಆಗುದಿಲ್ಲ."

"84 ಎಲ್ಲಿಂದ ಬಂತು ಮಗಾ?"

"ಎರಡರ ಸರಾಸರಿ 66. 75ಕ್ಕೆ 9 ಕಮ್ಮಿ. ಇನ್ನು ಎರಡೇ ಉಳಿದದ್ದಲ್ಲ, ಹಾಗೆ 9 ಜಾಸ್ತಿ ಬೇಕು."

ನಾಲ್ಕೂ ಪರೀಕ್ಷೆಗೆ ಸಮ ತೂಕ ಇದ್ದಿದ್ದರೆ ಅವಳು ಹೇಳಿದ್ದೇ ಸರಿ. ಟೀಚರ್ ಅವಳ ಪುಸ್ತಕದಲ್ಲಿ ಆ ಎರಡು ಅಂಕಗಳ ಮೇಲೆ ಸಣ್ಣದಾಗಿ 1, 2 ಎಂದು ಬರೆದರು, ಖಾಲಿ ಇದ್ದ ಎರಡು ಮನೆಗಳ ಮೇಲೆ 3, 4 ಎಂದು ಬರೆದರು, ಪುಸ್ತಕ ಹಿಂದೆ ಕೊಟ್ಟರು. ಹೆಚ್ಚು ಮಾತಾಡಲಿಲ್ಲ. ಮುಗಿದದ್ದರ ತೂಕ 3, ಉಳಿದದ್ದು 7 ಎಂಬುದು ಹುಡುಗಿಗೇ ಕಂಡಿತು. 84 ಎಲ್ಲಿ, 78 ಎಲ್ಲಿ! ಏರುವ ತೂಕದ ಪದ್ಧತಿಯಲ್ಲಿ ಸರಳ ಸರಾಸರಿ ಹಿಡಿದರೆ ಮೊದಲು ಎಡವಿದ ಮಗು ಸುಮ್ಮನೆ ಹೆದರುತ್ತದೆ.

ಇದೇ ತಪ್ಪು ತಿರುಗಿ ಬಂದಾಗ ಹೆಚ್ಚು ಅಪಾಯ. ಇನ್ನೊಬ್ಬ ಹುಡುಗ ಮೊದಲ ಎರಡರಲ್ಲಿ 90 ಮತ್ತು 85 ತೆಗೆದ ಅಂತಿಟ್ಟುಕೊಳ್ಳೋಣ. ಗುರಿ ಅದೇ 75. ಸರಳ ಸರಾಸರಿ ಹಿಡಿದರೆ ಅವನ ಮುನ್ನಡೆ 25, ಉಳಿದದ್ದು ಎರಡು ಪರೀಕ್ಷೆ, ಹಾಗಾಗಿ 62.5 ಬಂದರೂ ಸಾಕು ಎಂದು ಅವನು ಆರಾಮಾಗಿರುತ್ತಾನೆ. ತೂಕ ಹಾಕಿ ನೋಡಿದರೆ ಮುನ್ನಡೆ 15 ಮತ್ತು 20, ಒಟ್ಟು 35. ಅದನ್ನು 7ರಿಂದ ಭಾಗಿಸಿದರೆ 5. ಅವನಿಗೆ 62.5 ಸಾಲದು, 70 ಬೇಕು. 62.5ರಲ್ಲೇ ನಿಂತರೆ ವರ್ಷದ ಕೊನೆಗೆ 69.75 ಬರುತ್ತದೆ, ಗುರಿಗಿಂತ ಐದೂ ಕಾಲು ಕಡಿಮೆ. ಎಡವಿದವರು ಬಾಕಿ ಎಣಿಸುತ್ತಾ ಇರುತ್ತಾರೆ, ಮುಂದೆ ಇರುವವರು ಎಣಿಸುವುದೇ ಇಲ್ಲ. ಟೀಚರ್ ಮೊದಲು ಕರೆದು ಕೂರಿಸುವುದು ಚೆನ್ನಾಗಿ ಶುರು ಮಾಡಿದ ಮಕ್ಕಳನ್ನು. ನನಗೆ ಅವರ ಬಗ್ಗೆ ಗೌರವ ಹೆಚ್ಚಿದ್ದು ಅಲ್ಲಿ.

ಈಗ ಮೂರನೇ ಪರೀಕ್ಷೆ ಬರುತ್ತದೆ. 78.29 ಎಂಬುದು ಎರಡರಲ್ಲೂ ಸಮನಾಗಿ ಬಂದರೆ ಎಂಬ ಲೆಕ್ಕ, ಹಾಗೆ ಸಮನಾಗಿ ಬರುವುದು ಅಪರೂಪ. ಆದ್ದರಿಂದ ಟೀಚರ್ ಇನ್ನೊಂದು ಸಂಗತಿಯನ್ನು ಹೇಳಿಕೊಡುತ್ತಾರೆ: ಮೂರನೆಯದಕ್ಕೂ ನಾಲ್ಕನೆಯದಕ್ಕೂ ಇರುವ ವಿನಿಮಯ ದರ. ಮೂರನೆಯದರ ತೂಕ 3, ನಾಲ್ಕನೆಯದರದ್ದು 4. ಹಾಗಾಗಿ ಮೂರನೆಯದರಲ್ಲಿ 4 ಅಂಕ ಕಮ್ಮಿಯಾದರೆ ನಾಲ್ಕನೆಯದರಲ್ಲಿ 3 ಜಾಸ್ತಿ ಬೇಕು. ಹುಡುಗಿಗೆ ಮೂರನೆಯದರಲ್ಲಿ 74 ಬಂತು ಎನ್ನಿ. 1 ಕಡಿಮೆ, ತೂಕ 3, ಬಾಕಿ 23ರಿಂದ 26ಕ್ಕೆ ಏರಿತು. ಮುಂದಿರುವ ತೂಕ 4 ಮಾತ್ರ. 26ನ್ನು 4ರಿಂದ ಭಾಗಿಸಿದರೆ 6.5, ಬೇಕಾದದ್ದು 81.5. 74ರ ಬದಲು 70 ಬಂದಿದ್ದರೆ 84.5, 66 ಆಗಿದ್ದರೆ 87.5. ಮೇಲಕ್ಕೆ ಹೋಗಿ 82 ಬಂದಿದ್ದರೆ 75.5 ಸಾಕಾಗುತ್ತಿತ್ತು. ಒಂದು ಉತ್ತರ ಗೊತ್ತಿದ್ದರೆ ಉಳಿದದ್ದನ್ನು ನಾಲ್ಕಕ್ಕೆ ಮೂರರಂತೆ ಏರಿಸಿ ಇಳಿಸಿ ಹೇಳಬಹುದು, ಪೆನ್ನೇ ಬೇಡ.

ಇನ್ನೂ ಒಂದು ಪ್ರಶ್ನೆಗೆ ಈ ಬಾಕಿ ಪುಸ್ತಕ ಉತ್ತರ ಕೊಡುತ್ತದೆ: ಗುರಿ ಕೈತಪ್ಪುವುದು ಯಾವಾಗ? ನೂರಕ್ಕೆ ನೂರು ತೆಗೆದರೂ 75ರ ಮೇಲೆ ಸಿಗುವುದು 25. ಕೊನೆಯ ಪರೀಕ್ಷೆಯ ತೂಕ 4, ಹಾಗಾಗಿ ಅದು ತೀರಿಸಬಲ್ಲ ಬಾಕಿ ಹೆಚ್ಚೆಂದರೆ 100. ಹುಡುಗಿಯ ತಲೆಮೇಲೆ ಈಗಾಗಲೇ 23 ಇದೆ. ಅಂದರೆ ಮೂರನೇ ಪರೀಕ್ಷೆಯಲ್ಲಿ ಇನ್ನು 77 ಬಾಕಿಗೆ ಮಾತ್ರ ಜಾಗ, ಅದನ್ನು ತೂಕ 3ರಿಂದ ಭಾಗಿಸಿದರೆ 25 ಚಿಲ್ಲರೆ. ಮೂರನೆಯದರಲ್ಲಿ 49 ಅಥವಾ ಅದಕ್ಕಿಂತ ಕೆಳಗೆ ಹೋದರೆ 75ರ ಗುರಿ ಲೆಕ್ಕದ ಮಟ್ಟಿಗೆ ಮುಗಿಯಿತು. 50 ಬಂದರೆ ಕಾಗದದ ಮೇಲೆ ಉಳಿದಿದೆ, ಆದರೆ ಕೊನೆಯಲ್ಲಿ 99.5 ಬೇಕು. ಅಲ್ಲಿಗೆ ಬಂದ ಮಗುವಿಗೆ ಟೀಚರ್ ಗುರಿಯನ್ನೇ 70ಕ್ಕೆ ಇಳಿಸಿ ಬಾಕಿಯನ್ನು ಹೊಸದಾಗಿ ಬರೆಯುತ್ತಾರೆ. ಅದು ಸರಿಯಾದ ಕ್ರಮ ಎಂದು ನನಗನಿಸುತ್ತದೆ. 99.5 ಬೇಕು ಎಂದು ತಿಳಿದ ಮಗು ಪುಸ್ತಕ ಮುಚ್ಚುತ್ತದೆ. ಗುರಿ 70 ಆದಾಗ ಅದೇ ಮಗುವಿಗೆ ಬೇಕಾಗುವುದು 87. ಬಾಕಿ 8, 0, 60, ಒಟ್ಟು 68, ಅದರ ಕಾಲು ಭಾಗ 17.

ಲೆಕ್ಕ ಕೆಡುವ ಜಾಗಗಳೂ ಇವೆ. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು, ಬೇರೆ ಬೇರೆ ಗರಿಷ್ಠ ಅಂಕಗಳ ಪರೀಕ್ಷೆಗಳನ್ನು ಹಾಗೇ ತೂಕಕ್ಕೆ ಹಾಕುವುದು. ಎರಡನೇ ಪರೀಕ್ಷೆ 25 ಅಂಕದ್ದು, ಬಂದದ್ದು 17 ಎಂದಾದರೆ, 17ನ್ನು 2ರಿಂದ ಗುಣಿಸಬಾರದು. ಮೊದಲು ಅದನ್ನು ನೂರಕ್ಕೆ ತಂದುಕೊಳ್ಳಬೇಕು, 68. ಆಮೇಲೆ ತೂಕ. ಇದನ್ನು ಮರೆತಾಗ ಬಾಕಿ ಒಮ್ಮೆಲೇ ಮೂರಂಕಿಗೆ ಹಾರುತ್ತದೆ: 75ರಲ್ಲಿ 17 ಕಳೆದು ಎರಡರಿಂದ ಗುಣಿಸಿದರೆ 116. ಒಂದು ಸಣ್ಣ ಪರೀಕ್ಷೆಗೆ ಅಷ್ಟು ದೊಡ್ಡ ಬಾಕಿ ಬಂದರೆ ಎಲ್ಲೋ ತಪ್ಪಿದೆ ಎಂದು ಅಲ್ಲೇ ಗೊತ್ತಾಗಬೇಕು.

ಎರಡನೆಯದು ದಶಮಾಂಶದ ವಿಷಯ. 78.29 ಬೇಕು ಎಂದಾಗ 78 ಸಾಕು ಎಂದು ಇಳಿಸಿಕೊಳ್ಳುತ್ತಾರೆ. ಎರಡರಲ್ಲೂ 78 ಬಂದರೆ ಕೊನೆಗೆ 74.8. ಕೆಲವು ಕಡೆ ಅದನ್ನು 75 ಮಾಡುತ್ತಾರೆ, ಕೆಲವು ಕಡೆ ಮಾಡುವುದಿಲ್ಲ, ಅದನ್ನು ನಂಬಿ ಕೂರುವುದು ತರವಲ್ಲ. ಎರಡರಲ್ಲಿ ಯಾವುದಾದರೂ ಒಂದರಲ್ಲಿ 79 ಬಂದರೆ ಸಾಕು: ಮೂರನೆಯದರಲ್ಲಿ ಬಂದರೆ 75.1, ನಾಲ್ಕನೆಯದರಲ್ಲಿ ಬಂದರೆ 75.2. ಬೇಕಾದ ಅಂಕವನ್ನು ಯಾವತ್ತೂ ಮೇಲಕ್ಕೇ ಏರಿಸಿಕೊಳ್ಳಬೇಕು. ಇನ್ನು, ಒಟ್ಟು ಲೆಕ್ಕ ಸರಿಹೋದರೂ ಒಂದೊಂದು ಭಾಗಕ್ಕೆ ಬೇರೆ ಪಾಸ್ ಅಂಕ ಇಟ್ಟಿರುವ ಕಡೆ ಬಾಕಿ ಪುಸ್ತಕ ಸಹಾಯಕ್ಕೆ ಬರುವುದಿಲ್ಲ. ಅದನ್ನು ನಿಯಮದ ಹಾಳೆಯಲ್ಲೇ ನೋಡಬೇಕು.

ತೂಕ ಏರಿಸುವ ಈ ಪದ್ಧತಿ ಟ್ಯೂಷನ್ನಿನ ಜಗಲಿಗೆ ಮಾತ್ರ ಸೀಮಿತವಲ್ಲ. ಪಶ್ಚಿಮ ಬಂಗಾಳದ ತಾಂತ್ರಿಕ ವಿಶ್ವವಿದ್ಯಾಲಯವಾದ ಮೌಲಾನಾ ಅಬುಲ್ ಕಲಾಂ ಆಜಾದ್ ವಿವಿ ನಾಲ್ಕು ವರ್ಷದ ಇಂಜಿನಿಯರಿಂಗ್ ಪದವಿಯ ಗ್ರೇಡ್ ಸರಾಸರಿ ತೆಗೆಯಲು ಬಳಸಿದ ಸೂತ್ರದಲ್ಲಿ ಮೊದಲ ಎರಡು ವರ್ಷಕ್ಕೆ ತಲಾ 1, ಕೊನೆಯ ಎರಡು ವರ್ಷಕ್ಕೆ ತಲಾ 1.5, ಒಟ್ಟು 5. ಅಲ್ಲಿ ಓದುವವನಿಗೆ ಮೂರು ವರ್ಷದಲ್ಲಿ 6.8, 7.4, 7.6 ಬಂದಿದೆ, ಗುರಿ 7.5 ಎಂದುಕೊಳ್ಳಿ. ಮೊದಲ ವರ್ಷದ ಬಾಕಿ 0.7, ಎರಡನೆಯದು 0.1. ಮೂರನೇ ವರ್ಷ 0.1 ಜಾಸ್ತಿ, ಅದಕ್ಕೆ ಒಂದೂವರೆ ತೂಕ, ಹಾಗಾಗಿ 0.15 ತೀರಿತು. ಉಳಿದ ಬಾಕಿ 0.65, ಮುಂದಿರುವ ತೂಕ 1.5, ಭಾಗಿಸಿದರೆ 0.43. ಕೊನೆಯ ವರ್ಷ ಅವನಿಗೆ 7.94 ಬೇಕು. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರಿಗೆ ಆ ಸೂತ್ರದಲ್ಲಿ ಮೊದಲ ವರ್ಷದ 1 ಇರಲಿಲ್ಲ, ಒಟ್ಟು 4ರಿಂದ ಭಾಗಿಸುತ್ತಿದ್ದರು.

ನಮ್ಮ ಬಂಟಕಲ್ಲಿನ ಇಂಜಿನಿಯರಿಂಗ್ ಕಾಲೇಜು ಸೇರಿರುವ ವಿಟಿಯುನಲ್ಲಿ ಹೀಗೆ ವರ್ಷಕ್ಕೆ ತೂಕ ಹಂಚಿಲ್ಲ. ಅಲ್ಲಿ ತೂಕದ ಕೆಲಸ ಮಾಡುವುದು ಕ್ರೆಡಿಟ್. ಬಾಕಿಯನ್ನು 1, 2ರ ಬದಲು ಆಯಾ ಸೆಮಿಸ್ಟರಿನ ಕ್ರೆಡಿಟ್ಟಿನಿಂದ ಗುಣಿಸಿದರೆ ಇದೇ ದಾರಿ ನಡೆಯುತ್ತದೆ. ಮೊಬೈಲಿನ ಶೀಟಿನಲ್ಲಿ ಮಾಡುವವರು ಎರಡನೇ ಸಾಲಿನಿಂದ ಶುರು ಮಾಡಿ B ಕಾಲಂನಲ್ಲಿ ಅಂಕ, C ಕಾಲಂನಲ್ಲಿ ನಾಲ್ಕೂ ಪರೀಕ್ಷೆಯ ತೂಕ ಹಾಕಿ, ಎರಡು ಪರೀಕ್ಷೆ ಮುಗಿದಾಗ ಈ ಸಾಲು ಬರೆಯಬಹುದು:

```
=(75*SUM(C2:C5)-SUMPRODUCT(B2:B3,C2:C3))/SUM(C4:C5)
```

ಟೀಚರಿನ ಹುಡುಗಿಯ ಅಂಕ ಹಾಕಿದರೆ 78.29 ಬರಬೇಕು. ಬರದಿದ್ದರೆ ಸಾಲು ತಪ್ಪಾಗಿದೆ.

ತೂಕ ಏರದೆ ಇಳಿದರೆ ಏನಾಗುತ್ತದೆ ಎಂಬುದನ್ನೂ ಕರ್ನಾಟಕ ಒಮ್ಮೆ ಕಂಡಿದೆ. ಕೋವಿಡ್ ಕಾರಣಕ್ಕೆ 2021ರಲ್ಲಿ ದ್ವಿತೀಯ ಪಿಯು ಪರೀಕ್ಷೆ ರದ್ದಾದಾಗ ಫಲಿತಾಂಶಕ್ಕೆ ಎಸ್ಸೆಸ್ಸೆಲ್ಸಿಯಿಂದ ಶೇಕಡಾ 45, ಪ್ರಥಮ ಪಿಯುನಿಂದ ಶೇಕಡಾ 45, ದ್ವಿತೀಯ ಪಿಯುನ ಆಂತರಿಕ ಅಂಕದಿಂದ ಶೇಕಡಾ 10 ತೆಗೆದುಕೊಂಡರು. ಅದೇ ವರ್ಷ ಸಿಬಿಎಸ್‌ಇ 12ನೇ ತರಗತಿಗೆ 30, 30, 40 ಹಿಡಿಯಿತು. ಎರಡನ್ನೂ ಬಾಕಿ ಪುಸ್ತಕದಲ್ಲಿ ಬರೆದು ನೋಡಿ. ಹಿಂದಿನ ಎರಡು ಹಂತದಲ್ಲೂ 80 ಇದ್ದ ವಿದ್ಯಾರ್ಥಿಗೆ 85ರ ಗುರಿ ಇದ್ದರೆ, ನಮ್ಮ ಪಿಯು ಲೆಕ್ಕದಲ್ಲಿ ಬಾಕಿ 5 ಗುಣಿಸು 90, ಅಂದರೆ 450. ಅದನ್ನು ತೀರಿಸಲು ಇರುವ ತೂಕ 10. ಗುರಿಗಿಂತ 45 ಮೇಲೆ, 130 ಬೇಕು! ಸಾಧ್ಯವೇ ಇಲ್ಲ. ನೂರಕ್ಕೆ ನೂರು ಬಂದರೂ 82ರಲ್ಲಿ ನಿಲ್ಲುತ್ತದೆ. 30, 30, 40ರಲ್ಲಿ ಅದೇ ವಿದ್ಯಾರ್ಥಿಯ ಬಾಕಿ 300, ತೂಕ 40, ಬೇಕಾದದ್ದು 92.5. ಕಷ್ಟ, ಆದರೆ ದಾರಿ ಇದೆ. ಪರೀಕ್ಷೆಯೇ ಇಲ್ಲದ ವರ್ಷದಲ್ಲಿ ಇಲಾಖೆಗೂ ಹೆಚ್ಚು ಆಯ್ಕೆ ಇರಲಿಲ್ಲ, ನಿಜ. ಆದರೂ ಪಿಯು ಎರಡನೇ ವರ್ಷ ಕಷ್ಟಪಟ್ಟು ಮೇಲೆ ಬಂದವರಿಗೆ ಆ ಸೂತ್ರದಲ್ಲಿ ಜಾಗ ಬಹಳ ಕಡಿಮೆ ಇತ್ತು.

ಏರುವ ತೂಕದಲ್ಲಿ ದೋಷವೇ ಇಲ್ಲ ಎಂದು ಹೇಳಲಾರೆ. ಕೊನೆಯ ಪರೀಕ್ಷೆಯ ದಿನ ಜ್ವರ ಬಂದರೆ ಹೊಡೆತ ಜೋರು. ಟೀಚರಿನ ಪದ್ಧತಿಯಲ್ಲಿ ಮೊದಲ ಪರೀಕ್ಷೆಯಲ್ಲಿ 10 ಅಂಕ ಹೋದರೆ ಒಟ್ಟಿನಲ್ಲಿ 1 ಹೋಗುತ್ತದೆ, ಕೊನೆಯದರಲ್ಲಿ 10 ಹೋದರೆ 4. ಆಮೇಲೆ ತೀರಿಸಲು ಯಾವ ತೂಕವೂ ಉಳಿದಿರುವುದಿಲ್ಲ. ಅದಕ್ಕಾಗಿ ಅವರು ಕೊನೆಯ ಪರೀಕ್ಷೆಗೆ ಮಾತ್ರ ಮರುಪರೀಕ್ಷೆಯ ಅವಕಾಶ ಇಟ್ಟಿದ್ದಾರೆ. ತೂಕ ಏರಿಸುವ ಯಾವ ಶಾಲೆಯಾದರೂ ಇದನ್ನು ಇಡಬೇಕು ಎಂಬುದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಲೆಕ್ಕ ನಡೆಯುವುದು ತೂಕ ಮೊದಲೇ ಗೊತ್ತಿದ್ದರೆ. ಸಿಬಿಎಸ್‌ಇಯ ಮೊದಲ ಟರ್ಮಿನಲ್ಲಿ 38 ತೆಗೆದ ಆ ಮಗುವಿಗೆ 30–70 ಎಂದು ಮೊದಲೇ ತಿಳಿದಿದ್ದರೆ, 64 ಮುಟ್ಟಲು ಎರಡನೇ ಟರ್ಮಿನಲ್ಲಿ ತನಗೆ 26 ಸಾಲದು, 30 ಬೇಕು ಎಂದು ಅವಳೇ ಕಂಡುಕೊಳ್ಳುತ್ತಿದ್ದಳು. ಮಕ್ಕಳನ್ನು ಶಾಲೆಗೋ ಕಾಲೇಜಿಗೋ ಸೇರಿಸುವಾಗ ಫೀಸಿನ ರಸೀದಿಯ ಜೊತೆಗೆ ಯಾವ ಪರೀಕ್ಷೆಗೆ ಎಷ್ಟು ತೂಕ ಎಂಬ ಹಾಳೆಯನ್ನೂ ಕೇಳಿ ಪಡೆದುಕೊಳ್ಳಿ.